ಮಿನಿಮಮ್ ಕಟ್ಟಿದ ಮೇಲೂ ಬಡ್ಡಿ ಯಾಕೆ?

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ‘ಬಡ್ಡಿ’ ಎಂದು ನೇರವಾಗಿ ಬರೆದಿರುವುದು ಕಡಿಮೆ. ‘ಫೈನಾನ್ಸ್ ಚಾರ್ಜ್’ ಎಂದಿರುತ್ತದೆ. ಓದಿದವರಿಗೆ ಅದು ಯಾವುದೋ ಸೇವಾ ಶುಲ್ಕದಂತೆ ಕಾಣಿಸುತ್ತದೆ. ಅದು ಬಡ್ಡಿಯೇ. ಅದೂ ಊರಿನ ಸೊಸೈಟಿಯ ಬಡ್ಡಿಯಲ್ಲ, ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 42. ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ.

‘ಮಿನಿಮಮ್ ಅಮೌಂಟ್ ಡ್ಯೂ’ ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಮಾತು. ಕನಿಷ್ಠ ಬಾಕಿ ಎಂದು ಕನ್ನಡಕ್ಕೆ ತಂದರೆ ಇನ್ನೂ ಮೋಸ, ಅಷ್ಟು ಕಟ್ಟಿದರೆ ಬಾಕಿ ತೀರಿತು ಅನ್ನಿಸುತ್ತದೆ. ನಾನು ಅದನ್ನು ಹೀಗೆ ಬಿಡಿಸಿ ಹೇಳುತ್ತೇನೆ: ಇಷ್ಟು ಕಟ್ಟಿದರೆ ಬ್ಯಾಂಕು ನಿಮ್ಮನ್ನು ಸುಸ್ತಿದಾರ ಎಂದು ಕರೆಯುವುದಿಲ್ಲ. ಲೇಟ್ ಫೀ ಬೀಳುವುದಿಲ್ಲ, ಸಿಬಿಲ್‌ಗೆ ದೂರು ಹೋಗುವುದಿಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಬಡ್ಡಿಯನ್ನು ತಡೆಯುವುದು ಅದರ ಕೆಲಸವೇ ಅಲ್ಲ.

ಇನ್ನು ‘ಗ್ರೇಸ್ ಪೀರಿಯಡ್’, ಅಂದರೆ ಬಡ್ಡಿಯಿಲ್ಲದ ಅವಧಿ. ಐವತ್ತು ದಿನ ಬಡ್ಡಿಯಿಲ್ಲ ಎಂದು ಕಾರ್ಡ್ ಮಾರುವವರು ಹೇಳುತ್ತಾರಲ್ಲ, ಅದು ಇದೇ. ಅದಕ್ಕೊಂದು ಷರತ್ತಿದೆ. ಸ್ಟೇಟ್‌ಮೆಂಟಿನ ಪೂರ್ತಿ ಮೊತ್ತವನ್ನು ಡ್ಯೂ ಡೇಟಿನೊಳಗೆ ಕಟ್ಟಿದವರಿಗೆ ಮಾತ್ರ ಈ ಅವಧಿ ಸಿಗುತ್ತದೆ. ಒಂದಷ್ಟು ಉಳಿಸಿಕೊಂಡರೆ ಉಳಿದಷ್ಟಕ್ಕೆ ಮಾತ್ರ ಅದು ತಪ್ಪುವುದಲ್ಲ, ಎಲ್ಲದಕ್ಕೂ ತಪ್ಪುತ್ತದೆ. ಬಡ್ಡಿಯ ಲೆಕ್ಕ ಡ್ಯೂ ಡೇಟಿನಿಂದ ಅಲ್ಲ, ವಸ್ತು ಕೊಂಡ ದಿನದಿಂದಲೇ ಶುರುವಾಗುತ್ತದೆ. ಊರಿನ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಬಲ್ಲ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಅಲ್ಲಿ ಅರ್ಧ ಕೊಟ್ಟರೆ ಅರ್ಧದ ಲೆಕ್ಕ ಮುಗಿದೇ ಹೋಗುತ್ತಿತ್ತು.

ಪುಣೆಯ ನಮ್ಮ ಆಫೀಸಿನಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಇದ್ದಾನೆ. ಇದು ಅವನ ಲೆಕ್ಕ. ಎಣಿಕೆ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಅವನ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 15ಕ್ಕೆ ಬರುತ್ತದೆ, ಡ್ಯೂ ಡೇಟ್ ಮುಂದಿನ ತಿಂಗಳ 5. ಮೇ 20ರಂದು 40,000 ರೂಪಾಯಿಯ ಫ್ರಿಜ್ ತೆಗೆದುಕೊಂಡ. ಜೂನ್ 15ರ ಸ್ಟೇಟ್‌ಮೆಂಟಿನಲ್ಲಿ ಪೂರ್ತಿ ಬಾಕಿ 40,000, ಮಿನಿಮಮ್ ಶೇ. 5ರ ಲೆಕ್ಕದಲ್ಲಿ 2,000. ಜೂನ್ 25ರಂದು ಅದೇ ಕಾರ್ಡಿನಲ್ಲಿ 5,000ದ ದಿನಸಿ ತಂದ. ಜುಲೈ 5ರಂದು 2,000 ಕಟ್ಟಿ, ಉಳಿದದ್ದನ್ನು ನಿಧಾನಕ್ಕೆ ನೋಡಿಕೊಂಡರಾಯಿತು ಎಂದುಕೊಂಡ.

“ಅಣ್ಣಾ, ತಾರೀಖಿನೊಳಗ ಕಟ್ಟೀನಿ. ಮತ್ತ ಮೂರು ಸಾವಿರ ಯಾಕ ಹಾಕ್ಯಾರ?” ಎಂದು ಜುಲೈ 15ರ ಸ್ಟೇಟ್‌ಮೆಂಟ್ ಹಿಡಿದು ಬಂದ.

ಕೂತು ಬಿಡಿಸಿದೆವು. ಸೂತ್ರ ಸರಳ: ಬಾಕಿಯನ್ನು ದಿನಗಳಿಂದ ಗುಣಿಸಿ, ಶೇ. 42ರಿಂದ ಗುಣಿಸಿ, 365ರಿಂದ ಭಾಗಿಸಬೇಕು. ಫ್ರಿಜ್ಜಿನ 40,000 ಮೇ 20ರಿಂದ ಜುಲೈ 5ರವರೆಗೆ 46 ದಿನ ಬಾಕಿಯಿತ್ತು, ಬಡ್ಡಿ 2,117. ಎರಡು ಸಾವಿರ ಕಟ್ಟಿದ ಮೇಲೆ ಉಳಿದ 38,000ಕ್ಕೆ ಜುಲೈ 15ರವರೆಗಿನ 10 ದಿನಕ್ಕೆ 437. ದಿನಸಿಯ 5,000ಕ್ಕೆ 20 ದಿನದ್ದು 115. ಒಟ್ಟು ಸುಮಾರು 2,670, ಜಿಎಸ್‌ಟಿ 480 ಸೇರಿ 3,150. ಅವನು ಕಟ್ಟಿದ್ದು 2,000. ಬಾಕಿ ಈಗ 46,150. ದಿನಸಿಯನ್ನೂ ಅದರ ಬಡ್ಡಿಯನ್ನೂ ಬಿಟ್ಟು ನೋಡಿದರೂ ಫ್ರಿಜ್ಜಿನ ಲೆಕ್ಕವೇ 41,000 ದಾಟಿತ್ತು.

ಅವನಿಗೆ ಹೆಚ್ಚು ಉರಿದದ್ದು ಆ 115 ರೂಪಾಯಿ. ದಿನಸಿಯ ಹಣ ಕಟ್ಟಲು ಇನ್ನೂ ಸ್ಟೇಟ್‌ಮೆಂಟೇ ಬಂದಿರಲಿಲ್ಲ, ಬಡ್ಡಿ ಮಾತ್ರ ಬಂದಿತ್ತು. ಹಳೆಯ ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಇಲ್ಲ. ಹಾಗಾಗಿ ಬಾಕಿ ಉಳಿದ ಕಾರ್ಡಿನಲ್ಲಿ ಹಾಲು-ಮೊಸರೂ ತರಬೇಡ, ಯುಪಿಐಯಿಂದ ಕೊಡು ಎಂದೆ.

ಅವನನ್ನು ಬೆಚ್ಚಿಬೀಳಿಸಿದ ಇನ್ನೊಂದು ಅಂಕಿ ಹೊಸ ಮಿನಿಮಮ್, 5,300. ಹೋದ ತಿಂಗಳು 2,000 ಇದ್ದದ್ದು ಹೀಗೇಕೆ ಏರಿತು? ಇದು ಬ್ಯಾಂಕಿನ ಹುಚ್ಚಾಟವಲ್ಲ. ಮಿನಿಮಮ್ ಕಟ್ಟಿಯೂ ಸಾಲ ಬೆಳೆಯುತ್ತಲೇ ಹೋಗುವ ಹಾಗೆ ಆ ಮೊತ್ತವನ್ನು ಇಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಕಾರ್ಡ್ ನಿರ್ದೇಶನದಲ್ಲಿ ಹೇಳಿದೆ. ಅದರಿಂದ ಅನೇಕ ಬ್ಯಾಂಕುಗಳು ಬಡ್ಡಿ, ಜಿಎಸ್‌ಟಿಯನ್ನು ಪೂರ್ತಿಯಾಗಿ ಮಿನಿಮಮ್‌ಗೆ ಸೇರಿಸಿ, ಮೇಲೆ ಅಸಲಿನ ಒಂದು ಪಾಲನ್ನು ಇಡುತ್ತವೆ. ಇಲ್ಲಿ 3,150, ಜೊತೆಗೆ 43,000ದ ಶೇ. 5, ಅಂದರೆ 2,150. ಐದು ಸಾವಿರ ಚಿಲ್ಲರೆ ಕಟ್ಟಿದರೆ ಅಸಲಿಗೆ ಹೋಗುವುದು ಎರಡು ಸಾವಿರದಷ್ಟು. ಯಾವ ಬ್ಯಾಂಕು ಹೇಗೆ ಲೆಕ್ಕ ಹಾಕುತ್ತದೆ ಎಂಬುದು ಕಾರ್ಡಿನ ಷರತ್ತುಗಳ ಕಾಗದದಲ್ಲಿ, ಉದಾಹರಣೆ ಸಮೇತ ಇರುತ್ತದೆ. ಅದನ್ನು ಓದುವವರು ನಮ್ಮಲ್ಲಿ ಅಪರೂಪ, ಅಕ್ಷರವೂ ಇರುವೆ ಸಾಲಿನಷ್ಟು ಸಣ್ಣದು.

ಈಗ ಪೂರ್ತಿ ತೀರಿಸುತ್ತೇನೆ ಎಂದು ಹೊರಟವರೂ ಎಡವುವ ಒಂದು ಜಾಗವಿದೆ. ಹುಡುಗ ಆಗಸ್ಟ್ 5ರ ಡ್ಯೂ ಡೇಟ್ ದಿನ 46,150 ಕಟ್ಟಿದ ಎಂದಿಟ್ಟುಕೊಳ್ಳಿ. ಆಗಸ್ಟ್ 15ಕ್ಕೆ ಸೊನ್ನೆ ಬರಬೇಕಲ್ಲ? ಬರುವುದಿಲ್ಲ. ಜುಲೈ 15ರಿಂದ ಆಗಸ್ಟ್ 5ರವರೆಗೆ 43,000ದ ಅಸಲು ಇನ್ನೂ 21 ದಿನ ಬಾಕಿಯಿತ್ತು. ಅದರ ಬಡ್ಡಿ 1,039, ಜಿಎಸ್‌ಟಿ ಸೇರಿ 1,226, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬಾಲದ ಹಾಗೆ ಬರುತ್ತದೆ. ಎಲ್ಲ ಕಟ್ಟಿಯಾಯಿತು ಎಂದು ಆ್ಯಪ್ ತೆರೆಯದೆ ಬಿಟ್ಟವರು ಆ ಸಣ್ಣ ಮೊತ್ತಕ್ಕೆ ಲೇಟ್ ಫೀ ಹಾಕಿಸಿಕೊಳ್ಳುವುದು ಇಲ್ಲಿಯೇ. ಬಾಕಿ ಉಳಿದ ಕಾರ್ಡಿಗೆ ಡ್ಯೂ ಡೇಟಿನವರೆಗೆ ಕಾಯುವುದರಲ್ಲಿ ಅರ್ಥವಿಲ್ಲ, ದಿನದ ಲೆಕ್ಕದಲ್ಲಿ ಬಡ್ಡಿ ಓಡುತ್ತಿರುತ್ತದೆ. ಅವನು ಜುಲೈ 18ಕ್ಕೇ, ಆರ್‌ಡಿ ಮುರಿದು, ಕಟ್ಟಿದ. ಆರ್‌ಡಿಯಲ್ಲಿ ಸಿಗುತ್ತಿದ್ದ ಬಡ್ಡಿ ಶೇ. 42ರ ಮುಂದೆ ಯಾವ ಲೆಕ್ಕ? ಆಮೇಲೆ ಬಂದ ಬಾಲ ಸುಮಾರು 175 ರೂಪಾಯಿ.

ಆಫೀಸಿನ ಚಹಾ ಹೊತ್ತಿನಲ್ಲಿ ಓಡಾಡುವ ಇನ್ನೊಂದು ಮಾತು, “ಡ್ಯೂ ಡೇಟ್ ಆದ ಮೇಲೂ ಮೂರು ದಿನ ಗ್ರೇಸ್ ಇದೆ ಮಾರಾಯ.” ಇದು ಅರ್ಧ ನಿಜ. ಬಾಕಿ ಮೂರು ದಿನಕ್ಕಿಂತ ಹೆಚ್ಚು ತಡವಾದಾಗ ಮಾತ್ರ ಲೇಟ್ ಫೀ ಹಾಕಬಹುದು, ಕ್ರೆಡಿಟ್ ಬ್ಯೂರೋಗೆ ತಿಳಿಸಬಹುದು ಎಂದು ಅದೇ ನಿರ್ದೇಶನದಲ್ಲಿದೆ. ಅದು ದಂಡಕ್ಕೆ ಕೊಟ್ಟ ಬಿಡುವು, ಮೇಲೆ ಹೇಳಿದ ಬಡ್ಡಿಯಿಲ್ಲದ ಅವಧಿಯೇ ಬೇರೆ. ಹೆಸರೊಂದೇ ಆದದ್ದು ಗೊಂದಲಕ್ಕೆ ಕಾರಣ. ಬಡ್ಡಿಯ ವಿಷಯದಲ್ಲಿ ಆ ಮೂರು ದಿನವನ್ನು ನೆಚ್ಚಿಕೊಳ್ಳಬೇಡಿ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ. ಅದಕ್ಕೆ ಬಡ್ಡಿಯಿಲ್ಲದ ಅವಧಿಯೇ ಇಲ್ಲ. ಸ್ಟೇಟ್‌ಮೆಂಟನ್ನು ಎಷ್ಟೇ ಪೂರ್ತಿಯಾಗಿ ಕಟ್ಟಿದರೂ, ನೋಟು ಕೈಗೆ ಬಂದ ದಿನದಿಂದಲೇ ಬಡ್ಡಿ, ಜೊತೆಗೆ ನಗದು ತೆಗೆದದ್ದಕ್ಕೆ ಪ್ರತ್ಯೇಕ ಶುಲ್ಕ.