ನಡವಳಿಯಿಂದ ಕೆಲಸದ ಪಟ್ಟಿ

ಸಂಡೂರಿನ ಬೆಟ್ಟಗಳ ಮಳೆನೀರು ನಾರಿಹಳ್ಳದಿಂದ ಹರಿದು ಬಂದು ದರೋಜಿಯ ದೊಡ್ಡ ಕೆರೆಯನ್ನು ಸೇರುತ್ತದೆ. ಆ ಸೀಮೆಯಲ್ಲಿ ಕೆರೆಯ ಮಾತೆಂದರೆ ಮನೆಯ ಅನ್ನದ ಮಾತು. ಆದುದರಿಂದ ಕೆರೆಗಾಗಿ ಸೇರುವ ಸಭೆಗಳಲ್ಲಿ ಮಾತು ದೀರ್ಘವಾಗುವುದು ಸಹಜ. ನಡವಳಿಯ ಪುಸ್ತಕದಲ್ಲಿ ಅದೆಲ್ಲವೂ ಸೇರುತ್ತದೆ. ಆದರೆ ತಿಂಗಳು ಕಳೆದು ನೋಡಿದರೆ ಕೆಲಸ ಮಾತ್ರ ಇದ್ದಲ್ಲಿಯೇ ಇರುತ್ತದೆ. ಇಂಥ ನಡವಳಿಯಿಂದ ಕೆಲಸದ ಪಟ್ಟಿಯೊಂದನ್ನು ಎತ್ತಿಕೊಳ್ಳುವ ಬಗೆಯನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಆ ಕಡೆಯ ಚಿಕ್ಕ ಕೆರೆಯೊಂದರ ಬಳಕೆದಾರರು ಮೇ 3ರ ಭಾನುವಾರ ಸಭೆ ಸೇರಿದರೆಂದು ಭಾವಿಸೋಣ. ನಮ್ಮ ಕಲ್ಪನೆಯ ನಡವಳಿ ಹೀಗಿದೆ:

“ತೂಬಿನ ಬಾಗಿಲು ಸೋರುತ್ತಿರುವ ವಿಷಯ ಬಂದಿತು. ಹೋದ ವರ್ಷವೂ ಹೀಗೆಯೇ ಆಯಿತೆಂದು ಹಲವರು ಹೇಳಿದರು. ದುರಸ್ತಿಯ ಅಂದಾಜು ತರಿಸತಕ್ಕದ್ದೆಂದಾಯಿತು. ಅದರೊಡನೆ ಅನುಮತಿಗಾಗಿ ಕಚೇರಿಗೆ ಅರ್ಜಿ ಕೊಡುವುದೆಂದು ಠರಾಯಿಸಲಾಯಿತು. ಬರುವ ಭಾನುವಾರ ಎಲ್ಲರೂ ಸೇರಿ ಕಾಲುವೆಯ ಹೂಳೆತ್ತಬೇಕು. ನೀರುಗಂಟಿಯವರು ಜನರನ್ನು ಕೂಡಿಸಲಿ. ಏರಿಯ ಮೇಲೆ ದೀಪವಿದ್ದರೆ ಒಳ್ಳೆಯದೆಂದು ಒಬ್ಬರು ಸೂಚಿಸಿದರು. ಆ ಭಾನುವಾರ ಊರಲ್ಲಿ ಮದುವೆಯಿರುವುದರಿಂದ ಹೂಳಿನ ಕೆಲಸ ಅದರ ಮುಂದಿನ ವಾರಕ್ಕಾಯಿತು. ಮೃಗಶಿರೆ ಹುಟ್ಟುವುದರೊಳಗೆ ಎಲ್ಲವೂ ಮುಗಿಯಬೇಕು.”

ಮೊದಲು ಇದನ್ನು ಕೊನೆಯವರೆಗೆ ಒಂದು ಸಲ ಓದಬೇಕು. ಓದುತ್ತ ಓದುತ್ತ ಪಟ್ಟಿ ಬರೆಯತೊಡಗಬಾರದು. ಹಾಗೆ ಬರೆದವರು ಹೂಳಿಗೆ ಮೇ 10 ಎಂದು ಬರೆದುಬಿಟ್ಟಾರು. ಮದುವೆಯ ಮಾತು ಬರುವುದು ಆಮೇಲೆ. ಸರಿಯಾದ ದಿನ ಮೇ 17. “ಬರುವ ಭಾನುವಾರ” ಎಂಬುದನ್ನು ಸಭೆ ನಡೆದ ದಿನದಿಂದ ಎಣಿಸಬೇಕು, ನಾವು ಪುಸ್ತಕ ತೆರೆದ ದಿನದಿಂದಲ್ಲ.

ಎರಡನೆಯದಾಗಿ, ಕೆಲಸವನ್ನು ಮಾತಿನಿಂದ ಬೇರ್ಪಡಿಸಬೇಕು. ಹೋದ ವರ್ಷದ ಕಥೆ ಕೇವಲ ಸಂಗತಿ. ದೀಪದ ಮಾತು ಒಬ್ಬರ ಸೂಚನೆ. ಸಭೆ ಅದನ್ನು ಒಪ್ಪಿದಂತೆ ಬರೆದಿಲ್ಲ. ಇವೆರಡನ್ನೂ ಪಟ್ಟಿಗೆ ತರಲಾಗದು. ಉಳಿಯುವುವು ಅಂದಾಜು, ಅರ್ಜಿ, ಹೂಳು, ದುರಸ್ತಿ ಎಂಬ ನಾಲ್ಕೇ.

ಇನ್ನು ಹೊಣೆಗಾರರು ಯಾರು? ಇಲ್ಲಿ ನಮ್ಮ ನುಡಿಯ ಒಂದು ರೂಢಿಯೇ ನಮ್ಮನ್ನು ಮೋಸಗೊಳಿಸುತ್ತದೆ. “ತರಿಸತಕ್ಕದ್ದೆಂದಾಯಿತು”, “ಠರಾಯಿಸಲಾಯಿತು” ಎಂಬ ಮಾತುಗಳು ಗಂಭೀರವಾಗಿವೆ, ಆದರೆ ಮಾಡುವವರನ್ನು ಹೇಳುವುದಿಲ್ಲ. ಪ್ರತಿಯೊಂದು ಕ್ರಿಯಾಪದದ ಮುಂದೆ “ಯಾರು?” ಎಂದು ಕೇಳಬೇಕು. ಉತ್ತರ ನಡವಳಿಯಲ್ಲಿಲ್ಲದಿದ್ದರೆ ನಾವೇ ಊಹಿಸಿ ಹೆಸರು ತುಂಬಕೂಡದು. ಅಲ್ಲಿ ಪ್ರಶ್ನೆಯ ಗುರುತು ಹಾಕಿ, ಅಧ್ಯಕ್ಷರನ್ನು ಕೇಳಬೇಕು. “ಎಲ್ಲರೂ” ಎಂಬುದೂ ಹೆಸರಲ್ಲ. ಹೂಳೆತ್ತುವವರು ಹಲವರಾದರೂ ಕೂಡಿಸುವ ಹೊಣೆ ಒಬ್ಬರದೇ ಆಗಬೇಕು. ನೀರುಗಂಟಿಯ ಹೆಸರು ಬಂದಿದೆ ನಿಜ; ಆದರೆ ಹಾಜರಿಯಲ್ಲಿ ಅವರ ರುಜು ಇಲ್ಲದಿದ್ದರೆ, ಈ ಹೊಣೆ ಬಿದ್ದುದು ಅವರಿಗೆ ತಿಳಿದಿರಲಿಕ್ಕಿಲ್ಲ. ಅವರ ಒಪ್ಪಿಗೆ ದೊರೆತ ಮೇಲೆಯೇ ಗುರುತು ತೆಗೆಯಬೇಕು.

ಗಡುವನ್ನು ಕೊನೆಯಿಂದ ಹಿಂದಕ್ಕೆ ಎಣಿಸುವುದು ಲೇಸು. ಮೃಗಶಿರೆ ಹುಟ್ಟುವುದು ಜೂನ್ 7-8ರ ಸುಮಾರಿಗೆ. ಆದುದರಿಂದ ಕೊನೆಯ ದಿನ ಜೂನ್ 6. ಅನುಮತಿಯಿಲ್ಲದೆ ದುರಸ್ತಿಯಿಲ್ಲ, ಅರ್ಜಿಯಿಲ್ಲದೆ ಅನುಮತಿಯಿಲ್ಲ, ಅಂದಾಜಿಲ್ಲದೆ ಅರ್ಜಿಯಿಲ್ಲ. ಹೀಗೆ ನೋಡಿದಾಗ, ನಡವಳಿಯಲ್ಲಿ ದಿನವೇ ಇಲ್ಲದ ಅಂದಾಜು ಎಲ್ಲಕ್ಕಿಂತ ಅವಸರದ್ದೆಂದು ಗೊತ್ತಾಗುತ್ತದೆ. ಅಧ್ಯಕ್ಷರನ್ನು ಕೇಳಿ, ಖಜಾಂಚಿಯೂ ಕಾರ್ಯದರ್ಶಿಯೂ ಒಪ್ಪಿದರೆಂದಿಟ್ಟುಕೊಂಡರೆ ಪಟ್ಟಿ ಹೀಗಾಗುತ್ತದೆ:

1. ದುರಸ್ತಿಯ ಅಂದಾಜು ತರುವುದು: ಖಜಾಂಚಿ, ಮೇ 9.
2. ಅಂದಾಜಿನೊಡನೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು: ಕಾರ್ಯದರ್ಶಿ, ಮೇ 12.
3. ಹೂಳೆತ್ತಲು ಜನರನ್ನು ಕೂಡಿಸುವುದು: ನೀರುಗಂಟಿ (ಒಪ್ಪಿಗೆ ಕೇಳಬೇಕು?), ಮೇ 17.
4. ಬಾಗಿಲ ದುರಸ್ತಿ: ಯಾರು? ಅನುಮತಿ ಬಂದ ಮೇಲೆ, ಜೂನ್ 6ರೊಳಗೆ.

ನಾಲ್ಕನೆಯ ಸಾಲಿನ ಪ್ರಶ್ನೆಯನ್ನು ಅಳಿಸಿ ಪಟ್ಟಿಯನ್ನು ಚೆಂದಗಾಣಿಸುವ ಆಸೆ ಹುಟ್ಟಬಹುದು. ಹಾಗೆ ಮಾಡಬಾರದು, ಮುಂದಿನ ಸಭೆಯ ಮೊದಲ ವಿಷಯ ಅದೇ. ಕಚೇರಿಯ ಉತ್ತರ ನಮ್ಮ ಗಡುವಿಗೆ ಕಟ್ಟುಬೀಳದು. ಆದುದರಿಂದ ಎರಡನೆಯ ಸಾಲಿನಲ್ಲಿ ಅನುಮತಿ ತರುವ ಹೊಣೆಯನ್ನು ಹೊರಿಸದೆ, ಸ್ವೀಕೃತಿಯ ಚೀಟಿಯವರೆಗೆ ಮಾತ್ರ ಬರೆದಿದ್ದೇವೆ. ಕೆಲಸ ಮುಗಿದುದಕ್ಕೆ ಕಣ್ಣಿಗೆ ಕಾಣುವ ಗುರುತು ಇರಬೇಕು.

ಪಟ್ಟಿ ಸಿದ್ಧವಾದೊಡನೆ, ಸಭೆಯ ನೆನಪು ಮಾಸುವ ಮುನ್ನ, ಹೆಸರಿದ್ದವರಿಗೆಲ್ಲ ಓದಿ ಹೇಳಬೇಕು. ಅವರು ತಿದ್ದಿದರೆ ಪಟ್ಟಿಯನ್ನು ತಿದ್ದಬೇಕೇ ಹೊರತು ನಡವಳಿಯ ಪುಸ್ತಕವನ್ನಲ್ಲ. ಅಲ್ಲಿ ಬರೆದುದು ತಪ್ಪಾಗಿದ್ದರೆ ಅದನ್ನು ತಿದ್ದುವ ಅಧಿಕಾರ ಮುಂದಿನ ಸಭೆಯದು.