ಅಜ್ಜಿಯ ‘ಫೆಬ್ರವರಿ’ಯಲ್ಲಿ ಆರ್ ಇದೆ!

ಕಳೆದ ಶುಕ್ರವಾರ ನಮ್ಮ ರೆಡ್‌ವುಡ್ ಸಿಟಿ ಮನೆಗೆ ಬಂದ ಸ್ಪೆಲಿಂಗ್ ಟೆಸ್ಟ್ ಹಾಳೆಯಲ್ಲಿ ಎರಡು ಪದಗಳಿಗೆ ಗುರುತು ಬಿದ್ದಿತ್ತು. ಮೂರನೇ ಗ್ರೇಡಿನ ಮಗಳು ವೆಡ್ನೆಸ್‌ಡೇ ಪದದಲ್ಲಿ ಮೊದಲ ಡಿ ಮತ್ತು ಎರಡನೇ ಇ ಬಿಟ್ಟಿದ್ದಳು. ಫೆಬ್ರವರಿಯಲ್ಲಿ ಮೊದಲ ಆರ್ ಇರಲಿಲ್ಲ. ಕೇಳಿದರೆ, “ಕೇಳಿಸಿದ್ದನ್ನೇ ಬರ್ದೆ ಅಮ್ಮ” ಅಂದಳು.

ಅವಳದ್ದು ತಪ್ಪಲ್ಲ. ಇಲ್ಲಿನವರು ಹೇಳುವುದು ‘ವೆನ್ಸ್‌ಡೇ’, ‘ಫೆಬ್ಯುಎರಿ’. ಕೇಳಿದ ಹಾಗೆ ಬರೆ ಎಂದು ಕನ್ನಡ ಕಲಿಸುವಾಗ ನಾವೇ ಹೇಳಿಕೊಟ್ಟಿದ್ದೇವಲ್ಲ!

ಅದೇ ಸಂಜೆ ಹಾಸನದಿಂದ ಅಜ್ಜಿಯ ವಿಡಿಯೋ ಕಾಲ್. “ಫೆಬ್ರವರಿಗೆ ಬರ್ತೀನಿ ಪುಟ್ಟಿ” ಅಂದರು. ಇವಳು ನಕ್ಕು, “ಅಜ್ಜಿ, ಫೆಬ್ಯುಎರಿ ಅನ್ಬೇಕು” ಅಂತ ತಿದ್ದಿದಳು. ಅಜ್ಜಿಯ ಮುಖ ಸ್ವಲ್ಪ ಸಪ್ಪಗಾಯಿತು. ನಾನು ಆ ಟೆಸ್ಟ್ ಹಾಳೆ ತಂದು ಮಗಳ ಮುಂದಿಟ್ಟೆ. “ನೀನು ಬಿಟ್ಟಿದ್ದು ಯಾವ ಅಕ್ಷರ?” “ಆರ್.” “ಅಜ್ಜಿ ಇನ್ನೊಮ್ಮೆ ಹೇಳ್ತಾರೆ, ಕೇಳು.” ಅಜ್ಜಿ ನಿಧಾನವಾಗಿ ಹೇಳಿದರು: ಫೆ-ಬ್ರ-ವ-ರಿ. ಬ್ರ! ಕಳೆದುಹೋದ ಆರ್ ಅಲ್ಲೇ ಒತ್ತಕ್ಷರದಲ್ಲಿ ಕೂತಿತ್ತು.

ಈ ಅಕ್ಷರಗಳು ಸುಮ್ಮನೆ ಬಂದು ಸೇರಿಕೊಂಡವಲ್ಲ. ವೆಡ್ನೆಸ್‌ಡೇ ಎಂದರೆ ಹಳೆಯ ಇಂಗ್ಲಿಷಿನಲ್ಲಿ ವೋಡನ್ ಎಂಬ ದೇವರ ದಿನ. ಆ ಡಿ ವೋಡನ್ ಹೆಸರಿನದು. ರೋಮನ್ನರಿಗೆ ಅದು ಮರ್ಕ್ಯುರಿಯ ದಿನ, ನಮಗೆ ಅದೇ ಗ್ರಹದ ಬುಧವಾರ. ಫೆಬ್ರವರಿ ಲ್ಯಾಟಿನ್ನಿನ ಫೆಬ್ರುವಾರಿಯುಸ್‌ನಿಂದ ಬಂದದ್ದು. ಎರಡು ಆರ್ ಹತ್ತಿರ ಹತ್ತಿರ ಬಂದಾಗ ನಾಲಿಗೆ ಒಂದನ್ನು ಜಾರಿಸಿಬಿಡುತ್ತದೆ. ಜೊತೆಗೆ ‘ಜಾನ್ಯುಎರಿ’ಯ ರಾಗವೂ ಎಳೆಯುತ್ತದೆ. ಮಾತು ಬದಲಾಯಿತು, ಬರಹ ಹಾಗೇ ಉಳಿಯಿತು. ಅಮೆರಿಕದ ನಿಘಂಟುಗಳು ಫೆಬ್ರವರಿಗೆ ಆರ್ ಇರುವ, ಇಲ್ಲದ ಎರಡೂ ಉಚ್ಚಾರಣೆಯನ್ನು ಕೊಡುತ್ತವೆ. ಹಾಗಾಗಿ ಮಗಳೂ ಸರಿ, ಅಜ್ಜಿಯೂ ಸರಿ.

ಇಂಥ ಪದಗಳಿಗೆ ನಮ್ಮ ಮನೆಯಲ್ಲಿ ಈಗ ಎರಡು ದನಿ: ಮಾತಿನ ದನಿ, ಬರಹದ ದನಿ. ಮೊದಲು ಪದವನ್ನು ಮಾತಿನ ದನಿಯಲ್ಲಿ ಹೇಳಿ ಚಪ್ಪಾಳೆ ತಟ್ಟುತ್ತೇವೆ. ವೆನ್ಸ್-ಡೇ, ಎರಡು ಚಪ್ಪಾಳೆ. ಆಮೇಲೆ ಬರಹದ ದನಿ: ವೆಡ್-ನೆಸ್-ಡೇ, ಮೂರು. ಒಂದೊಂದು ತುಂಡನ್ನು ಹೇಳುತ್ತಲೇ ಬರೆಯಬೇಕು, ಮುಂದಿನದನ್ನು ಆಮೇಲೆ ಹೇಳಬೇಕು. ಬರೆದದ್ದನ್ನು ಬೆರಳಿಟ್ಟು ಓದಿ, ಮುಚ್ಚಿ, ಮತ್ತೆ ಬರೆಯುವುದು. ಮರುದಿನ ನೋಡದೆ ಇನ್ನೊಮ್ಮೆ. ತುಂಡು ಮಾಡಿದ್ದು ಕೂತಿದೆಯೋ ಇಲ್ಲವೋ ಗೊತ್ತಾಗುವುದು ಆ ಮರುದಿನವೇ.

ಮೊದಲ ದಿನ ಮಗಳು ‘ನೆಸ್’ ಜಾಗದಲ್ಲಿ ‘ನಿಸ್’ ಬರೆದಳು, ಏಕೆಂದರೆ ನಾನು ಆ ತುಂಡನ್ನು ಅವಸರದಲ್ಲಿ ನುಂಗಿದ್ದೆ. ಬರಹದ ದನಿಯಲ್ಲಿ ಪ್ರತಿ ಸ್ವರವೂ ಬಿಡಿಯಾಗಿ ಕೇಳಿಸಬೇಕು. ಇನ್ನೊಂದು ಎಚ್ಚರ: ಅಜ್ಜಿಯ ‘ಫೆಬ್ರವರಿ’ ಆರ್ ಅನ್ನು ಕೊಡುತ್ತದೆ, ಆದರೆ ನಡುವಿನ ‘ವ’ ಇಂಗ್ಲಿಷಿನಲ್ಲಿ ಇಲ್ಲ. ಅದನ್ನೇ ನಂಬಿದರೆ ಮಗು ವಿ ಬರೆದೀತು. ಬರಹಕ್ಕೆ ಫೆಬ್-ರು-ಎ-ರಿ ಎಂದು ಒಡೆಯಿರಿ. ಕೊನೆಯ ‘ರಿ’ಗೆ ಆರ್, ವೈ, ಜನವರಿಯ ಹಾಗೇ.

ಇದೇ ರೀತಿ ‘ಲಿಸನ್’ ಪದವನ್ನು ಲಿಸ್-ಟೆನ್, ‘ಐಲೆಂಡ್’ ಅನ್ನು ಇಸ್-ಲ್ಯಾಂಡ್, ‘ಬಿಸ್ನೆಸ್’ ಅನ್ನು ಬಸ್-ಐ-ನೆಸ್ ಎಂದು ಒಡೆಯಬಹುದು. ನಮ್ಮ ಮನೆಯಲ್ಲಿ ಬಸ್ಸು ಹತ್ತಿದ ಮೇಲೆ ಐ ಅಕ್ಷರ ತಪ್ಪಿಲ್ಲ.

ಒಂದೇ ಚಪ್ಪಾಳೆಯ ಪದಗಳಿಗೆ ಈ ಉಪಾಯ ನಡೆಯುವುದಿಲ್ಲ. ‘ನೈಟ್’, ‘ಥ್ರೂ’ ಪದಗಳ ಜಿ, ಎಚ್ ಅನ್ನು ಹೇಗೆ ಒಡೆದರೂ ಕೇಳಿಸಲಾಗದು. ಅವನ್ನು ಕಣ್ಣಿನಿಂದಲೇ ಕಲಿಯಬೇಕು. ಕೆಲವಕ್ಕೆ ನೆಂಟರು ಸಹಾಯಕ್ಕೆ ಬರುತ್ತಾರೆ: ‘ಸೈನ್’ ಪದದ ಮೂಕ ಜಿ ‘ಸಿಗ್ನಲ್’ನಲ್ಲಿ ಬಾಯಿ ಬಿಡುತ್ತದೆ, ‘ಡೆಟ್’ ಪದದ ಬಿ ‘ಡೆಬಿಟ್’ನಲ್ಲಿ ಕೇಳಿಸುತ್ತದೆ.

ಮಗಳಿಗೆ ಒಂದು ಅನುಮಾನವಿತ್ತು: “ಕ್ಲಾಸಲ್ಲಿ ವೆಡ್-ನೆಸ್-ಡೇ ಅಂದ್ರೆ ನಗ್ತಾರಲ್ವಾ?” ಅದು ಬಾಯಿಗಲ್ಲ, ಪೆನ್ಸಿಲ್ಲಿಗೆ ಅಂದೆ. ಲ್ಯಾಬ್ ನೋಟ್‌ಬುಕ್ಕಿನಲ್ಲಿ ವಾರ ಬರೆಯುವಾಗ ನಾನೂ ಇವತ್ತಿಗೂ ಮನಸ್ಸಿನಲ್ಲಿ ಹಾಗೇ ಹೇಳಿಕೊಳ್ಳುತ್ತೇನೆ.

ಈ ವಾರದ ಪಟ್ಟಿಯಲ್ಲಿ ‘ಲಿಸನ್’ ಇದೆ. ಅಜ್ಜಿಗೆ ಫೋನ್ ಮಾಡಿ, “ಇದನ್ನ ನೀವು ಹೇಗೆ ಹೇಳ್ತೀರಾ?” ಅಂತ ಅವಳೇ ಕೇಳಿದಳು. ಅಜ್ಜಿಯೂ ‘ಲಿಸನ್’ ಅಂದರು, ಟಿ ಇಲ್ಲದೆ. “ಹಾಗಾದ್ರೆ ನಾನೇ ಹೇಳಿಕೊಡ್ತೀನಿ” ಅಂತ ಮಗಳು ಚಪ್ಪಾಳೆ ತಟ್ಟತೊಡಗಿದಳು.