ಬಾಯಿಯ ದುರ್ವಾಸನೆ: ಮರೆಮಾಚುವುದೋ, ಮೂಲವನ್ನು ಅರಿಯುವುದೋ?

ಬಾಯಿ ನಾರಲು ಹೊಟ್ಟೆಯೇ ಕಾರಣವೆಂಬ ನಂಬಿಕೆ ಅನೇಕರಲ್ಲಿದೆ. ವಾಸ್ತವವಾಗಿ ಬಹುಪಾಲು ಸಂದರ್ಭಗಳಲ್ಲಿ ದುರ್ವಾಸನೆಯ ಮೂಲ ಬಾಯಿಯೊಳಗೇ ಇರುತ್ತದೆ. ನಾಲಿಗೆಯ ಹಿಂಭಾಗದ ಬಿಳಿ ಲೇಪದಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಆಹಾರದ ಕಣಗಳನ್ನೂ ಸತ್ತ ಜೀವಕೋಶಗಳನ್ನೂ ಕೊಳೆಯಿಸಿ ಗಂಧಕಯುಕ್ತ ಅನಿಲಗಳನ್ನು ಹೊರಬಿಡುತ್ತವೆ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಳಗಿನ ವೇಳೆ ವಾಸನೆ ಹೆಚ್ಚು.

ಸುಗಂಧದ ಸ್ಪ್ರೇ ಈ ಲೇಪವನ್ನು ತೆಗೆಯದು. ಕೆಲಹೊತ್ತು ವಾಸನೆಯನ್ನು ಮುಚ್ಚುತ್ತದೆ, ಅಷ್ಟೆ. ಅದಕ್ಕೆ ಹಣ ಸುರಿಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳುವುದು ಲೇಸು. ಚಮಚದ ಅಂಚಿನಿಂದ ನಾಲಿಗೆಯ ಹಿಂಭಾಗವನ್ನು ಮೆಲ್ಲನೆ ಕೆರೆದು, ಒಂದು ನಿಮಿಷ ಬಿಟ್ಟು ಮೂಸಿ ನೋಡಿ. ಚಮಚ ನಾರಿದರೆ ದೋಷ ನಾಲಿಗೆಯದು. ಟಂಗ್ ಕ್ಲೀನರನ್ನು ನಿತ್ಯವೂ ಹಿಂದಿನಿಂದ ಮುಂದಕ್ಕೆ ಹಗುರವಾಗಿ ಎಳೆಯಬೇಕು; ರಕ್ತ ಬರುವಂತೆ ಉಜ್ಜಬಾರದು. ಇನ್ನು ದವಡೆಯ ಹಲ್ಲುಗಳ ಸಂದಿಯಲ್ಲಿ ಎಳೆದ ಶುಭ್ರವಾದ ದಾರ ನಾರಿದರೆ, ಅಥವಾ ಅದಕ್ಕೆ ರಕ್ತ ಅಂಟಿದರೆ, ವಸಡಿನ ರೋಗವನ್ನು ಶಂಕಿಸಬೇಕು. ಅದಕ್ಕೆ ಟಂಗ್ ಕ್ಲೀನರ್ ಸಾಲದು; ಹಲ್ಲಿಗೆ ಕಟ್ಟಿದ ಗಾರೆಯನ್ನು ದಂತವೈದ್ಯರೇ ತೆಗೆಯಬೇಕು.

ಸ್ಪ್ರೇಯಿಂದ ಆಗುವ ನಿಜವಾದ ಹಾನಿ ಇಲ್ಲಿಯೇ ಇದೆ. ವಾಸನೆಯೆಂಬ ಎಚ್ಚರಿಕೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟವರು, ಹಲ್ಲು ಅಲುಗಾಡತೊಡಗಿದ ಮೇಲಷ್ಟೇ ವೈದ್ಯರ ಬಾಗಿಲು ತಟ್ಟುತ್ತಾರೆ.